100 ಸಿಒಡಿ ಪಾರ್ಸೆಲ್ ಕಳಿಸಿದೆ, 31 ವಾಪಸ್ ಬಂತು. ಎಲ್ಲಿ ತಪ್ಪುತ್ತಿದ್ದೇನೆ?

ಫ್ರಾಕ್_ಟೈಲರ್
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಮಕ್ಕಳ ಫ್ರಾಕ್ ಹೊಲಿದು ಮಾರುತ್ತೇನೆ. ಜಾಹೀರಾತು ನೋಡಿ ಬರುವ ಆರ್ಡರ್‌ಗಳೇ ಜಾಸ್ತಿ, ಹೆಚ್ಚುಕಮ್ಮಿ ಎಲ್ಲವೂ ಸಿಒಡಿ, ಅಂದರೆ ಪಾರ್ಸೆಲ್ ಕೈಗೆ ಬಂದಾಗ ದುಡ್ಡು ಕೊಡುವವು. ಕಳೆದ ತಿಂಗಳು 100 ಪಾರ್ಸೆಲ್ ಹೋಯಿತು. 69 ತಲುಪಿತು, 31 ವಾಪಸ್. ಹತ್ತು ಬಾಗಿಲಿಗೆ ಹೋಗಿದ್ದರಲ್ಲಿ ಏಳು ಮಾರಾಟ ಆದರೆ ಸಾಕಲ್ವಾ ಅಂದುಕೊಂಡಿದ್ದೆ. ತಿಂಗಳ ಕೊನೆಗೆ ನೋಡಿದರೆ ಬಟ್ಟೆ ತರುವುದಕ್ಕೂ ಕೈಯಲ್ಲಿ ದುಡ್ಡಿಲ್ಲ. ಯಾರೂ ಕದ್ದಿಲ್ಲ, ಫ್ರಾಕ್‌ಗಳೆಲ್ಲ ಮನೆಗೇ ವಾಪಸ್ ಬಂದಿವೆ. ಹಾಗಾದರೆ ದುಡ್ಡು ಎಲ್ಲಿ ಹೋಯಿತು?

ಓಲೆಜೋಡಿ
ಸಿಒಡಿ ನಿಲ್ಲಿಸಿಬಿಡಿ ಅಕ್ಕ. ನಾನು ಕಿವಿಯೋಲೆ ಮಾರುತ್ತೇನೆ, ಆರು ತಿಂಗಳ ಹಿಂದೆ ನಿಲ್ಲಿಸಿದೆ. ಈಗ ವಾಪಸ್ ಬರುವುದು ತಿಂಗಳಿಗೆ ಒಂದೋ ಎರಡೋ. ದುಡ್ಡು ಕೊಟ್ಟವರು ಪಾರ್ಸೆಲ್‌ಗೆ ಕಾಯುತ್ತಾರೆ, ಕೊಡದವರಿಗೆ ಆರ್ಡರ್ ಮಾಡಿದ್ದೇ ನೆನಪಿರಲ್ಲ.

ಲೆಕ್ಕದಪುಸ್ತಕ
ಓಲೆಜೋಡಿ, ಸ್ವಲ್ಪ ತಡೆಯಿರಿ, ಅದಕ್ಕೆ ಆಮೇಲೆ ಬರುತ್ತೇನೆ. ಟೈಲರ್ ಮೇಡಂ, ಒಂದು ಫ್ರಾಕ್‌ನ ಬೆಲೆ 100 ಅಂತ ಇಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಬಟ್ಟೆ ಮತ್ತು ಹೊಲಿಗೆಗೆ ಎಷ್ಟು, ಪ್ಯಾಕಿಂಗ್‌ಗೆ ಎಷ್ಟು, ಹೋಗುವಾಗ ಕೊರಿಯರ್ ಚಾರ್ಜ್ ಎಷ್ಟು, ಬರುವಾಗ ಎಷ್ಟು, ಜಾಹೀರಾತಿಗೆ ಎಷ್ಟು, ಹೇಳುತ್ತೀರಾ?

ಫ್ರಾಕ್_ಟೈಲರ್
ಬಟ್ಟೆ, ಹೊಲಿಗೆ ಸೇರಿ 55. ಪ್ಯಾಕಿಂಗ್ 3. ಹೋಗುವಾಗ ಕೊರಿಯರ್ 14. ಸಿಒಡಿ ಶುಲ್ಕ 4, ವಾಪಸ್ ಬಂದರೆ ಅದನ್ನು ಅವರು ಹಿಡಿಯುವುದಿಲ್ಲ. ಆದರೆ ಬರುವ ದಾರಿಗೆ 11 ಬೇರೆ ಹಾಕುತ್ತಾರೆ. ಜಾಹೀರಾತು ಒಟ್ಟು 1200, ಅಂದರೆ ಆರ್ಡರ್‌ಗೆ 12.

ಲೆಕ್ಕದಪುಸ್ತಕ
ನಿಮ್ಮ ದುಡ್ಡು ಎಲ್ಲಿ ಹೋಯಿತು ಅಂತ ಈಗ ಕಾಣುತ್ತದೆ ನೋಡಿ. ತಲುಪಿದ ಫ್ರಾಕ್ ಒಂದಕ್ಕೆ 100ರಲ್ಲಿ 55, 3, 14, 4, 12 ಕಳೆದರೆ ಉಳಿಯುವುದು 12. ವಾಪಸ್ ಬಂದ ಫ್ರಾಕ್ ಮತ್ತೆ ಮಾರಬಹುದು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಪ್ಯಾಕಿಂಗ್ 3, ಹೋಗಿದ್ದಕ್ಕೆ 14, ಬಂದಿದ್ದಕ್ಕೆ 11, ಜಾಹೀರಾತು 12, ಒಟ್ಟು 40 ಹೋಯಿತು. ಅಂದರೆ ಒಂದು ವಾಪಸ್ಸು ಮೂರು ಮಾರಾಟಕ್ಕೂ ಮೀರಿ ಲಾಭ ತಿನ್ನುತ್ತದೆ.

69 ಫ್ರಾಕ್‌ನಿಂದ 828 ಬಂತು. 31 ವಾಪಸ್ಸಿನಿಂದ 1240 ಹೋಯಿತು. ತಿಂಗಳಿಡೀ ಹೊಲಿದು 412 ನಷ್ಟ. ನಿಮ್ಮ ಈ ಖರ್ಚುಗಳಿಗೆ 100ಕ್ಕೆ 23 ವಾಪಸ್ ಬಂದರೆ ಸರಿಸಮ. ಅದಕ್ಕಿಂತ ಜಾಸ್ತಿ ಬಂದರೆ ಮಾರಿದಷ್ಟೂ ಕಳೆದುಕೊಳ್ಳುತ್ತೀರಿ. ಇದು ನಿಮ್ಮ ಸಂಖ್ಯೆ ಮಾತ್ರ. ಲಾಭ ಜಾಸ್ತಿ ಇರುವ ಸರಕಾದರೆ ಇನ್ನೂ ತಡೆದುಕೊಳ್ಳುತ್ತದೆ.

ಇನ್ನೊಂದು ವಿಷಯ. ಆ 31 ಫ್ರಾಕ್ ಈಗ ನಿಮ್ಮ ಮನೆಯಲ್ಲಿವೆ ಸರಿ, ಆದರೆ ಎರಡು ಮೂರು ವಾರ ದಾರಿಯಲ್ಲಿದ್ದವು. 31ಕ್ಕೆ 55ರಂತೆ 1705ರಷ್ಟು ಬಟ್ಟೆ, ಹೊಲಿಗೆಯ ದುಡ್ಡು ಲಾರಿಯಲ್ಲೇ ಸುತ್ತಾಡುತ್ತಿತ್ತು. ಬಟ್ಟೆ ತರಲು ಕೈಯಲ್ಲಿ ದುಡ್ಡಿಲ್ಲ ಅಂದಿರಲ್ಲ, ಅದು ಇದೇ.

ಓಲೆಜೋಡಿ
ನಾನು ಹೇಳಿದ್ದೂ ಅದೇ ಅಲ್ವಾ ಸರ್? ವಾಪಸ್ಸೇ ಇಲ್ಲದಿದ್ದರೆ 40 ಹೋಗುವ ಮಾತೇ ಇಲ್ಲ.

ಲೆಕ್ಕದಪುಸ್ತಕ
ಅರ್ಧ ಸರಿ. ಸಿಒಡಿ ತೆಗೆದರೆ ವಾಪಸ್ಸು ನಿಲ್ಲುತ್ತದೆ, ಜಾಹೀರಾತಿನ ಖರ್ಚು ನಿಲ್ಲುವುದಿಲ್ಲ. ಅವರ 1200ಕ್ಕೆ 100 ಆರ್ಡರ್ ಬರುತ್ತಿತ್ತು. ಮೊದಲೇ ದುಡ್ಡು ಕೊಡಿ ಅಂದಾಗ ಅದು 40ಕ್ಕೆ ಇಳಿಯಿತು ಅನ್ನಿ. ಆಗ ಆರ್ಡರ್‌ಗೆ ಜಾಹೀರಾತು 30. ಸರಕು, ಪ್ಯಾಕಿಂಗ್, ಕೊರಿಯರ್ ಕಳೆದು ಉಳಿಯುವುದು 28. ಒಂದೂ ವಾಪಸ್ ಬರದೆ ಪ್ರತಿ ಫ್ರಾಕ್ ಮೇಲೆ 2 ನಷ್ಟ. 60 ಆರ್ಡರ್ ಉಳಿದರೆ ಕಥೆ ಬೇರೆ, ಆಗ ತಿಂಗಳಿಗೆ 480 ಲಾಭ. ಹಾಗಾಗಿ ಎಷ್ಟು ಜನ ಉಳಿಯುತ್ತಾರೆ ಅನ್ನುವುದರ ಮೇಲೆ ನಿಂತಿದೆ. ನಿಮ್ಮದು ಹಳೇ ಗಿರಾಕಿಗಳ ವ್ಯಾಪಾರ ಅಂತ ಕಾಣುತ್ತದೆ. ಹೊಸಬರು ಹೆಸರು ಕೇಳದ ಅಂಗಡಿಗೆ ಮೊದಲೇ ದುಡ್ಡು ಹಾಕುತ್ತಾರಾ?

ಓಲೆಜೋಡಿ
ಹೌದು, ನನಗೆ ಜಾಹೀರಾತೇ ಇಲ್ಲ. ಅದು ಹೊಳೆದಿರಲಿಲ್ಲ.

ಬೇಸರದ_ಗಿರಾಕಿ
ನಾನೂ ಒಂದು ಜರ್ಕಿನ್ ವಾಪಸ್ ಕಳಿಸಿ ಒಂದು ತಿಂಗಳಾಯಿತು. ಜಿಪ್ ಹಾಳಾಗಿತ್ತು. ದುಡ್ಡು ಇನ್ನೂ ಬಂದಿಲ್ಲ. ಮಾರುವವರು ಇಲ್ಲಿ ಅಳುತ್ತೀರಿ, ಕೊಂಡವರ ಕಷ್ಟ ಕೇಳುವವರು ಯಾರು?

ಫ್ರಾಕ್_ಟೈಲರ್
ನಿಮ್ಮದು ಬೇರೆ ವಿಷಯ ಸರ್. ನೀವು ತೆಗೆದುಕೊಂಡು, ನೋಡಿ, ವಾಪಸ್ ಕಳಿಸಿದ್ದೀರಿ. ನನ್ನವನ್ನು ಯಾರೂ ತೆಗೆದುಕೊಂಡೇ ಇಲ್ಲ, ಬಾಗಿಲಿಂದಲೇ ತಿರುಗಿ ಬಂದಿವೆ. ಆದರೂ ನಿಮ್ಮ ದುಡ್ಡು ಬರಬೇಕಾದ್ದು ನಿಜ. ವಾಪಸ್ ಕಳಿಸಿದ ಟ್ರ್ಯಾಕಿಂಗ್ ನಂಬರ್ ಹಾಕಿ ಮಾರಿದವರಿಗೆ ಬರೆದು ಕೇಳಿ.

ಹಳೇ_ಡೆಲಿವರಿ
ನಾಲ್ಕು ವರ್ಷ ಪಾರ್ಸೆಲ್ ಹಂಚಿದವನು ನಾನು. ಅಕ್ಕ, ಆ 31ಕ್ಕೆ ಕೊರಿಯರ್‌ನವರು ಕಾರಣ ಏನಂತ ಹಾಕಿದ್ದಾರೆ?

ಫ್ರಾಕ್_ಟೈಲರ್
ಬಹಳಷ್ಟಕ್ಕೆ ‘ಗ್ರಾಹಕರು ನಿರಾಕರಿಸಿದರು’. ಕೆಲವಕ್ಕೆ ‘ಗ್ರಾಹಕರು ಲಭ್ಯವಿಲ್ಲ’. ಅದನ್ನು ನೋಡಿಯೇ ಜನರ ಮೇಲೆ ಸಿಟ್ಟು ಬಂದಿತ್ತು.

ಹಳೇ_ಡೆಲಿವರಿ
ಅದನ್ನು ಪೂರ್ತಿ ನಂಬಬೇಡಿ. ಆ್ಯಪ್‌ನಲ್ಲಿ ಏನಾದರೊಂದು ಕಾರಣ ಒತ್ತದೆ ಮುಂದಿನ ಮನೆಗೆ ಹೋಗಲು ಆಗುವುದಿಲ್ಲ. ವಿಳಾಸ ಸಿಗದಿದ್ದರೂ, ಫೋನ್ ಎತ್ತದಿದ್ದರೂ, ಕತ್ತಲಾಗಿ ಆ ಬೀದಿಗೆ ಹೋಗದಿದ್ದರೂ ಬೆರಳಿಗೆ ಸಿಕ್ಕಿದ್ದನ್ನು ಒತ್ತುವವರು ಇದ್ದಾರೆ. ನಾನೂ ಒತ್ತಿದ್ದೇನೆ, ಸುಳ್ಳು ಹೇಳಲ್ಲ. ಸಿಒಡಿ ಮನೆ ಅಂದರೆ ಸಮಯ ಜಾಸ್ತಿ. ಒಳಗೆ ಹೋಗಿ ದುಡ್ಡು ತರಬೇಕು, ಚಿಲ್ಲರೆ ಇರಲ್ಲ, ‘ಸಂಜೆ ಬನ್ನಿ, ಅವರು ಬರ್ತಾರೆ’ ಅಂತಾರೆ.

ಸುಳ್ಳು ಪ್ರಯತ್ನ ಕಂಡುಹಿಡಿಯಲು ಟ್ರ್ಯಾಕಿಂಗ್‌ನಲ್ಲಿ ಸಮಯ ನೋಡಿ. ಒಂದೇ ಊರಿನ ನಾಲ್ಕೈದು ಪಾರ್ಸೆಲ್‌ಗೆ ರಾತ್ರಿ ಹೊತ್ತಲ್ಲಿ ಒಂದೆರಡು ನಿಮಿಷದ ಒಳಗೆ ಒಂದೇ ಕಾರಣ ಬಿದ್ದಿದ್ದರೆ, ಅದು ಪಾರ್ಸೆಲ್ ಹಂಚುವ ಹಬ್‌ನಲ್ಲಿ ಕೂತು ಒತ್ತಿದ್ದು. ಹಗಲು ಹೊತ್ತಲ್ಲಿ ಬೇರೆ ಬೇರೆ ಸಮಯಕ್ಕೆ ಬಿದ್ದಿದ್ದರೆ ಹೋಗಿರುವ ಸಾಧ್ಯತೆ ಜಾಸ್ತಿ. ಆದರೆ ಇದೂ ಪಕ್ಕಾ ಅಲ್ಲ. ನೆಟ್‌ವರ್ಕ್ ಸಿಗದ ಕಡೆ ನಿಜವಾಗಿ ಹೋದದ್ದೂ ರಾತ್ರಿ ಒಟ್ಟಿಗೇ ಅಪ್‌ಡೇಟ್ ಆಗುತ್ತದೆ.

ಲೆಕ್ಕದಪುಸ್ತಕ
ಒಳ್ಳೇ ಮಾತು. ಮೇಡಂ, ಒಂದು ದಿನ ಕೂತು ಆ 31 ಜನಕ್ಕೂ ನೀವೇ ಫೋನ್ ಮಾಡಿ. ಜಗಳಕ್ಕಲ್ಲ, ‘ಏನಾಯಿತು’ ಅಂತ ಕೇಳಲು. ಜೊತೆಗೆ ಒಂದೊಂದಕ್ಕೂ ಆರ್ಡರ್ ಬಂದ ದಿನ ಮತ್ತು ಮೊದಲ ಸಲ ಬಾಗಿಲಿಗೆ ಹೋದ ದಿನ ಬರೆದುಕೊಳ್ಳಿ. ಕೊರಿಯರ್ ಹಾಕಿದ ಕಾರಣಕ್ಕಿಂತ ಇದು ಜಾಸ್ತಿ ಹೇಳುತ್ತದೆ.

ಫ್ರಾಕ್_ಟೈಲರ್
ಎರಡು ದಿನ ಹಿಡಿಯಿತು. 9 ಜನ ಫೋನೇ ಎತ್ತಲಿಲ್ಲ, ಅದರಲ್ಲಿ ಕೆಲವು ನಂಬರ್ ಅಸ್ತಿತ್ವದಲ್ಲೇ ಇಲ್ಲ. 8 ಜನ ‘ನಮಗೆ ಕಾಲ್ ಬರಲೇ ಇಲ್ಲ, ಕಾಯುತ್ತಿದ್ದೆವು’ ಅಂದರು. ಒಬ್ಬರಂತೂ ನನಗೇ ಬೈದರು. 7 ಜನ ತಡವಾಯಿತು ಅಂತ ಬೇರೆ ಕಡೆ ತೆಗೆದುಕೊಂಡಿದ್ದಾರೆ. 4 ಜನ ಆ ದಿನ ಮನೆಯಲ್ಲಿರಲಿಲ್ಲ ಅಥವಾ ಕೈಯಲ್ಲಿ ದುಡ್ಡಿರಲಿಲ್ಲ. ಉಳಿದ 3 ಜನ ಬಿಚ್ಚಿ ನೋಡಿ ದುಡ್ಡು ಕೊಡುತ್ತೇನೆ ಅಂದಿದ್ದಾರೆ, ಡೆಲಿವರಿಯವರು ಒಪ್ಪಿಲ್ಲ.

ಬೇಡ ಅಂತ ಆಟ ಆಡಿದವರೇ 31 ಜನ ಅಂದುಕೊಂಡಿದ್ದೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಫ್ರಾಕ್ ಬೇಕಿತ್ತು!

ದಿನಗಳ ಲೆಕ್ಕವನ್ನೂ ಹಾಕಿದೆ. ಆರ್ಡರ್ ಬಂದು 6 ದಿನದೊಳಗೆ ಬಾಗಿಲಿಗೆ ಹೋದವು 52, ಅದರಲ್ಲಿ 9 ವಾಪಸ್. ಅದಕ್ಕಿಂತ ತಡವಾದವು 48, ಅದರಲ್ಲಿ 22 ವಾಪಸ್. ನಾನು ಆರ್ಡರ್ ಬಂದ ಮೇಲೆ ಹೊಲಿಯುತ್ತೇನೆ. ನಾಲ್ಕು ದಿನ ನನ್ನ ಮಷಿನ್ ಮೇಲೇ ಹೋಗುತ್ತದೆ.

ಸಾಬೂನು_ಮನೆ
ಅಲ್ಲಿಗೆ ಕಾರಣ ಸಿಕ್ಕಿತಲ್ಲ, ತಡ! ಬೇಗ ಕಳಿಸಿ, ಎಲ್ಲ ಸರಿಹೋಗುತ್ತದೆ.

ಲೆಕ್ಕದಪುಸ್ತಕ
ಅಷ್ಟು ಬೇಗ ಹೇಳಬೇಡಿ. ತಡವಾಗಿ ಮುಟ್ಟುವುದು ದೂರದ ಊರುಗಳಿಗೆ. ಅಲ್ಲಿ ಕೊರಿಯರ್ ಸೇವೆಯೂ ತೆಳು, ಡೆಲಿವರಿಯವರು ವಾರಕ್ಕೆ ಎರಡು ಸಲ ಮಾತ್ರ ಹೋಗುವ ಕಡೆಗಳೂ ಇರುತ್ತವೆ. ವಾಪಸ್ಸಿಗೆ ಕಾರಣ ತಡವೋ ದೂರವೋ, ಈ ಎರಡು ಸಂಖ್ಯೆಯಿಂದ ಬೇರ್ಪಡಿಸಲು ಆಗುವುದಿಲ್ಲ. ಹತ್ತಿರದ ಊರುಗಳಿಗೇ ತಡವಾಗಿ ಹೋದವನ್ನು ಬೇರೆ ತೆಗೆದು ನೋಡಬೇಕು. ಆದರೆ 7 ಜನ ತಾವೇ ‘ತಡವಾಯಿತು’ ಅಂದಿದ್ದಾರಲ್ಲ, ಅದನ್ನು ಮರೆಯುವ ಹಾಗಿಲ್ಲ. ಹೆಚ್ಚು ಹೋಗುವ ಎರಡು ಮೂರು ಅಳತೆಗಳನ್ನು ಮೊದಲೇ ಹೊಲಿದಿಡಲು ಆಗುತ್ತದಾ?

ಹಳೇ_ಡೆಲಿವರಿ
ಕಾಲ್ ಬರಲಿಲ್ಲ ಅಂದ 8 ಜನರ ಪಾರ್ಸೆಲ್ ನಿಮ್ಮ ಹತ್ತಿರ ಇದೆಯಲ್ಲ ಅಕ್ಕ? ಕವರ್ ಮೇಲಿನ ಲೇಬಲ್ ಒಂದ್ಸಲ ಓದಿ. ಕಂಪ್ಯೂಟರ್‌ನಲ್ಲಿ ಇರುವುದಲ್ಲ, ಅಂಟಿಸಿರುವುದು.

ಫ್ರಾಕ್_ಟೈಲರ್
ಅಯ್ಯೋ. ಈಗಷ್ಟೇ ನೋಡಿದೆ. ಒಂದರ ಮೇಲೆ ಹೀಗಿದೆ: ‘ಮನೆ ನಂ. 14, ಎರಡನೇ ಮಹಡಿ, ಹಸಿರು ಗೇಟ್, ನೀರಿನ ಟ್ಯಾಂ’. ಅಷ್ಟೇ, ಅಲ್ಲಿಗೆ ನಿಂತಿದೆ. ಗಿರಾಕಿ ಬರೆದಿದ್ದು ‘ನೀರಿನ ಟ್ಯಾಂಕ್ ಹಿಂದೆ, 3ನೇ ಅಡ್ಡರಸ್ತೆ’ ಅಂತ. ರಸ್ತೆಯೇ ಲೇಬಲ್‌ಗೆ ಬಂದಿಲ್ಲ! 8ರಲ್ಲಿ 5 ಹೀಗೇ ತುಂಡಾಗಿವೆ. ಇನ್ನೊಂದರಲ್ಲಿ ಫೋನ್ ನಂಬರ್ ಮೇಲೆ ನಾನೇ ಟೇಪ್ ಎಳೆದು ಅಂಟಿಸಿದ್ದೇನೆ, ಅದು ತಿಕ್ಕಿ ಅಳಿಸಿದೆ.

ಹಳೇ_ಡೆಲಿವರಿ
ಇಂಥದ್ದು ದಿನಾ ನೋಡುತ್ತಿದ್ದೆ. ವಿಳಾಸದ ಸಾಲಿಗೆ ಇಷ್ಟೇ ಅಕ್ಷರ ಅಂತ ಮಿತಿ ಇರುತ್ತದೆ, ಮಿಕ್ಕಿದ್ದು ಕತ್ತರಿಸಿಹೋಗುತ್ತದೆ. ರಸ್ತೆ, ಗುರುತು ಮೊದಲು ಬರಲಿ, ಗೇಟ್ ಬಣ್ಣ ಆಮೇಲೆ. ಎರಡನೇ ಸಾಲು ಖಾಲಿ ಬಿಡದೆ ಅಲ್ಲಿಗೆ ಹಂಚಿ. ಬಾರ್‌ಕೋಡ್ ಮೇಲೆ, ಫೋನ್ ನಂಬರ್ ಮೇಲೆ ಟೇಪ್ ಬೇಡ. ಸಾಧ್ಯವಿದ್ದರೆ ಎರಡನೇ ಫೋನ್ ನಂಬರ್ ಕೇಳಿ. ಗೊತ್ತಿಲ್ಲದ ನಂಬರ್ ಅಂದರೆ ಈಗ ಯಾರೂ ಎತ್ತುವುದಿಲ್ಲ, ಡೆಲಿವರಿಯವನ ನಂಬರೂ ಗೊತ್ತಿಲ್ಲದ್ದೇ ತಾನೆ.

ಸಾಬೂನು_ಮನೆ
ನಾನು 10 ಮುಂಗಡ ತೆಗೆದುಕೊಳ್ಳುತ್ತಿದ್ದೆ, ಉಳಿದದ್ದು ಬಾಗಿಲಲ್ಲಿ. ವಾಪಸ್ಸು ಚೆನ್ನಾಗಿ ಇಳಿಯಿತು. ಆದರೆ ‘ಇದು ಮೋಸದ ಅಂಗಡಿ, 10 ನುಂಗಿ ಓಡಿಹೋಗ್ತಾರೆ’ ಅಂತ ಜಾಹೀರಾತಿನ ಕೆಳಗೇ ಕಾಮೆಂಟ್ ಹಾಕಿದರು. ಭಯವಾಗಿ ನಿಲ್ಲಿಸಿದೆ.

ಲೆಕ್ಕದಪುಸ್ತಕ
ಎಲ್ಲರಿಂದಲೂ ಮುಂಗಡ ಕೇಳಬೇಕಿಲ್ಲ. ಎರಡು ಮೂರು ಫ್ರಾಕ್ ಒಟ್ಟಿಗೆ ಹಾಕಿದ ಹೊಸಬರು, ಹಿಂದೆ ಒಮ್ಮೆ ತೆಗೆದುಕೊಳ್ಳದೆ ಬಿಟ್ಟವರು, ಅಂಥವರಿಗೆ ಮಾತ್ರ ಕೇಳಬಹುದು. ಉಳಿದವರಿಗೆ ಕಳಿಸುವ ಮೊದಲು ಖಚಿತಪಡಿಸಿಕೊಂಡರೆ ಸಾಕು. ಆರ್ಡರ್ ಬಂದ ಒಂದೆರಡು ಗಂಟೆಯಲ್ಲೇ ಮೆಸೇಜ್ ಹಾಕಿ. ಫ್ರಾಕ್ ಫೋಟೊ, ಅಳತೆ, ಕೊಡಬೇಕಾದ ಮೊತ್ತ, ಪೂರ್ತಿ ವಿಳಾಸ ಹಾಕಿ, ‘ಸರಿ ಇದ್ದರೆ ಹೌದು ಅನ್ನಿ’ ಅಂತ. ಉತ್ತರ ಬರದಿದ್ದರೆ ಆಮೇಲೆ ಕಾಲ್. ಮೊದಲೇ ಕಾಲ್ ಮಾಡಿದರೆ ಎತ್ತುವುದಿಲ್ಲ.

ಇಲ್ಲೇ ರದ್ದಾದ ಆರ್ಡರ್‌ಗೆ ಹೋಗುವುದು ಜಾಹೀರಾತಿನ 12 ಮಾತ್ರ. ಅದೇ ಬಾಗಿಲವರೆಗೆ ಹೋಗಿ ಬಂದರೆ 40.

ಓಲೆಜೋಡಿ
ಮೆಸೇಜ್‌ಗೂ ಕಾಲ್‌ಗೂ ಸುಮ್ನೆ ಇರುವವರಿಗೆ ಕಳಿಸಬಾರದು ಅಲ್ವಾ?

ಲೆಕ್ಕದಪುಸ್ತಕ
ಅಲ್ಲೊಂದು ತಿರುವಿದೆ. ಆ ಹೊತ್ತಿಗೆ ಜಾಹೀರಾತಿನ 12 ಹೋಗಿಯೇ ಹೋಗಿದೆ, ಕಳಿಸಿದರೂ ಬಿಟ್ಟರೂ ಬರುವುದಿಲ್ಲ. ಅದನ್ನು ಬಿಟ್ಟು ಲೆಕ್ಕ ಹಾಕಿ. ಕಳಿಸಿ ತಲುಪಿದರೆ 24 ಬರುತ್ತದೆ, ವಾಪಸ್ ಆದರೆ 28 ಹೋಗುತ್ತದೆ. ಹಾಗಾಗಿ ಸುಮ್ಮನಿರುವವರಲ್ಲಿ 100ಕ್ಕೆ 54ಕ್ಕಿಂತ ಜಾಸ್ತಿ ಜನ ತೆಗೆದುಕೊಳ್ಳುವುದಾದರೆ ಕಳಿಸಬೇಕು, ಇಲ್ಲದಿದ್ದರೆ ಬೇಡ. ನಿಮ್ಮ ಗಿರಾಕಿಗಳು ಎಂಥವರು ಅಂತ ಒಂದು ತಿಂಗಳು ಕಳಿಸಿ ನೋಡಿದರೇ ಗೊತ್ತಾಗುವುದು. ನನ್ನ ಅಂಗಡಿಯಲ್ಲಿ ಅದು ಅರ್ಧಕ್ಕಿಂತ ಕಮ್ಮಿ ಇತ್ತು, ನಿಲ್ಲಿಸಿದೆ.

ಹಳೇ_ಡೆಲಿವರಿ
ಕಳಿಸಿದ ಮೇಲಿನ ಕೆಲಸ ಮರೆಯಬೇಡಿ. ಮೊದಲ ಸಲ ತಲುಪದಿದ್ದಾಗ ನಿಮಗೆ ಎನ್‌ಡಿಆರ್, ಅಂದರೆ ಪಾರ್ಸೆಲ್ ತಲುಪಲಿಲ್ಲ ಅನ್ನುವ ವರದಿ ಬರುತ್ತದೆ, ಕೊರಿಯರ್ ಪ್ಯಾನೆಲ್‌ನಲ್ಲಿ ಕೆಂಪಗೆ ಕಾಣುತ್ತದೆ. ತುಂಬಾ ಜನ ಅದನ್ನು ತೆರೆದೂ ನೋಡುವುದಿಲ್ಲ. ನಾನಿದ್ದ ಕಡೆ ಮೂರು ಪ್ರಯತ್ನ ಅಂತ ನಿಯಮ. ಮಾರುವವರಿಂದ ಏನೂ ಸೂಚನೆ ಬರದಿದ್ದರೆ ಮೂರನೆಯದು ಬರೀ ಹೆಸರಿಗೆ. ಅದೇ ದಿನ ಗಿರಾಕಿಗೆ ಫೋನ್ ಮಾಡಿ, ‘ನಾಳೆ 5 ಗಂಟೆ ಮೇಲೆ, ಈ ನಂಬರ್, ಟ್ಯಾಂಕ್ ಹಿಂದಿನ ರಸ್ತೆ’ ಅಂತ ಹಾಕಿದರೆ ಹುಡುಗರು ಹೋಗುತ್ತಾರೆ. ಮನೆಯಲ್ಲಿರಲಿಲ್ಲ, ದುಡ್ಡಿರಲಿಲ್ಲ ಅಂದ ನಿಮ್ಮ ನಾಲ್ಕೂ ಜನ ಹೀಗೆ ಉಳಿಯುತ್ತಿದ್ದರು. ‘ಔಟ್ ಫಾರ್ ಡೆಲಿವರಿ’ ಆದ ಬೆಳಗ್ಗೆಯೇ ‘ಇವತ್ತು ಬರುತ್ತದೆ, ಇಷ್ಟು ಹಣ ರೆಡಿ ಇಡಿ’ ಅಂತ ಒಂದು ಮೆಸೇಜ್ ಹಾಕಿದರೆ ಇನ್ನೂ ಒಳ್ಳೆಯದು.

ಸಾಬೂನು_ಮನೆ
ಇನ್ನೊಂದು ಐಡಿಯಾ. ಆರ್ಡರ್ ಹಾಕಿ ತೆಗೆದುಕೊಳ್ಳದವರ ಫೋನ್ ನಂಬರ್ ಪಟ್ಟಿ ಮಾಡಿ ನಾವೆಲ್ಲ ಹಂಚಿಕೊಳ್ಳೋಣ. ಎಲ್ಲರಿಗೂ ಉಪಯೋಗ.

ಓಲೆಜೋಡಿ
ಸೂಪರ್, ಇವತ್ತೇ ಶುರು ಮಾಡಿ.

ಹಳೇ_ಡೆಲಿವರಿ
ನಾನು ವಿರೋಧ. ಅಕ್ಕನ 31ರಲ್ಲಿ ‘ನಿರಾಕರಿಸಿದರು’ ಅಂತ ಬಿದ್ದವರಲ್ಲಿ ಎಷ್ಟು ಜನ ಬಾಗಿಲಲ್ಲೇ ಕಾಯುತ್ತಿದ್ದರು ನೋಡಿದಿರಲ್ಲ. ಲೇಬಲ್ ತಪ್ಪಿಗೆ ಅವರ ಹೆಸರು ಕಪ್ಪುಪಟ್ಟಿಗೆ. ಅಲ್ಲದೆ ಗಿರಾಕಿ ನಂಬರ್ ಕೊಟ್ಟಿದ್ದು ಪಾರ್ಸೆಲ್‌ಗೆ, ಹಂಚಲು ಅಲ್ಲ.

ಸಾಬೂನು_ಮನೆ
ನಷ್ಟ ಆಗುವುದು ನಮಗೆ ಅಣ್ಣ, ನಿಮಗಲ್ಲ. ಐದು ಸಲ ಬೇಕಂತಲೇ ವಾಪಸ್ ಮಾಡಿದವರಿಗೂ ಮರ್ಯಾದೆ ಕೊಡಬೇಕಾ?

ಲೆಕ್ಕದಪುಸ್ತಕ
ನಿಮ್ಮ ಅಂಗಡಿಯ ಪಟ್ಟಿ ನೀವು ಇಟ್ಟುಕೊಳ್ಳಿ, ಅಂಥವರಿಗೆ ಸಿಒಡಿ ಕೊಡಬೇಡಿ. ಹಂಚುವುದಕ್ಕೆ ನಾನೂ ಕೈ ಹಾಕಲ್ಲ.

ಫ್ರಾಕ್_ಟೈಲರ್
ಒಂದು ತಿಂಗಳು ಕಳೆಯಿತು, ಏನಾಯಿತು ಅಂತ ಹೇಳಲು ಬಂದೆ. ಎರಡು ಅಳತೆ ಮೊದಲೇ ಹೊಲಿದಿಟ್ಟೆ. ಆರ್ಡರ್ ಬಂದ ದಿನವೇ ಮೆಸೇಜ್. ಲೇಬಲ್ ಅಂಟಿಸುವ ಮೊದಲು ಗಟ್ಟಿಯಾಗಿ ಓದುತ್ತೇನೆ, ಮಗಳು ನಗುತ್ತಾಳೆ. ಬೆಳಗ್ಗೆ ಮಷಿನ್ ಮುಟ್ಟುವ ಮೊದಲು ಎನ್‌ಡಿಆರ್ ನೋಡುತ್ತೇನೆ.

ಅದೇ 1200 ಜಾಹೀರಾತಿಗೆ ಈ ಸಲ 94 ಆರ್ಡರ್. ಅದರಲ್ಲಿ 13 ಮೆಸೇಜ್ ಹಂತದಲ್ಲೇ ಬಿದ್ದುಹೋಯಿತು. 81 ಕಳಿಸಿದೆ, 68 ತಲುಪಿತು, 13 ವಾಪಸ್. ಲೆಕ್ಕದಪುಸ್ತಕ ಸರ್ ಹೇಳಿದ ಹಾಗೆ ಹಾಕಿದರೆ 68ಕ್ಕೆ 24ರಂತೆ 1632, ವಾಪಸ್ಸಿಗೆ 364 ಹೋಯಿತು, ಜಾಹೀರಾತು 1200. ಉಳಿದಿದ್ದು 68.

ಓಲೆಜೋಡಿ
ಇಷ್ಟೆಲ್ಲ ಮಾಡಿ ಬರೀ 68ಆ?

ಫ್ರಾಕ್_ಟೈಲರ್
ಹೋದ ತಿಂಗಳು 412 ಕೈಯಿಂದ ಹಾಕಿದ್ದೆ. ಮಾರಾಟ ಒಂದೇ ಒಂದು ಕಮ್ಮಿ, 69ರ ಜಾಗದಲ್ಲಿ 68.

ಲೆಕ್ಕದಪುಸ್ತಕ
ಈಗ ಜಾಹೀರಾತಿನ ಕಡೆ ನೋಡಿ ಮೇಡಂ. ಯಾವ ಜಾಹೀರಾತಿಂದ ಬಂದ ಆರ್ಡರ್ ಜಾಸ್ತಿ ವಾಪಸ್ಸಾಗುತ್ತದೆ ಅಂತ ಬರೆದಿಟ್ಟಿದ್ದೀರಾ? ಕೆಲವೊಮ್ಮೆ ಅಗ್ಗದಲ್ಲಿ ಆರ್ಡರ್ ತರುವ ಜಾಹೀರಾತೇ ಜಾಸ್ತಿ ವಾಪಸ್ ತರುತ್ತದೆ. ಮತ್ತೆ ಆ 13 ವಾಪಸ್ಸು ಯಾಕೆ ಬಂತು?

ಫ್ರಾಕ್_ಟೈಲರ್
ಜಾಹೀರಾತಿನದು ಬರೆದಿಟ್ಟಿಲ್ಲ, ಇವತ್ತಿಂದ ಬರೆಯುತ್ತೇನೆ. 13ರಲ್ಲಿ 6 ಜನ ‘ಹೌದು’ ಅಂತ ಮೆಸೇಜ್ ಮಾಡಿಯೂ ಬಾಗಿಲಲ್ಲಿ ಬೇಡ ಅಂದರು. ಅದಕ್ಕೆ ಏನು ಮಾಡಬೇಕೋ ಗೊತ್ತಾಗಿಲ್ಲ. 4 ಮತ್ತೆ ಅದೇ ಬಿಚ್ಚಿ ನೋಡುವ ಜಗಳ. 3ಕ್ಕೆ ರಾತ್ರಿ 9:40ಕ್ಕೆ ಒಂದೇ ನಿಮಿಷದಲ್ಲಿ ‘ನಿರಾಕರಿಸಿದರು’ ಅಂತ ಬಿದ್ದಿದೆ. ಮೂರೂ ಒಂದೇ ಪಿನ್‌ಕೋಡ್.

ಹಳೇ_ಡೆಲಿವರಿ
ಆ ಮೂರು ಗಿರಾಕಿಗಳಿಗೆ ಕಾಲ್ ಬಂದಿತ್ತಾ ಕೇಳಿ. ಬಂದಿಲ್ಲ ಅಂದರೆ ಅವರ ಕಾಲ್ ಲಿಸ್ಟ್ ಸ್ಕ್ರೀನ್‌ಶಾಟ್ ತರಿಸಿಕೊಂಡು, ಮೂರೂ ಟ್ರ್ಯಾಕಿಂಗ್ ನಂಬರ್ ಒಂದೇ ದೂರಿನಲ್ಲಿ ಹಾಕಿ, ವಾಪಸ್ ಚಾರ್ಜ್ ತೆಗೆಯಿರಿ ಅಂತ ಕೇಳಿ. ಒಂದೊಂದೇ ಹಾಕಿದರೆ ತಳ್ಳಿಹಾಕುತ್ತಾರೆ. ಕೊಟ್ಟೇ ಕೊಡುತ್ತಾರೆ ಅಂತ ಹೇಳಲ್ಲ.

ಫ್ರಾಕ್_ಟೈಲರ್
ಇಬ್ಬರು ಸ್ಕ್ರೀನ್‌ಶಾಟ್ ಕಳಿಸಿದ್ದಾರೆ, ಆ ದಿನ ಒಂದೂ ಕಾಲ್ ಇಲ್ಲ. ಮೂರನೆಯವರು ಇನ್ನೂ ಫೋನ್ ಎತ್ತಿಲ್ಲ.